ವಾಲ್‌ಹೈಮ್ ಸರ್ವರ್: ಪೋರ್ಟ್ ತೆರೆಯೋದಾ, ಕ್ರಾಸ್‌ಪ್ಲೇ ಸಾಕಾ, ಬಾಡಿಗೆಗೆ ಹೋಗೋದಾ?

ಗೆಳೆಯರ ಜೊತೆ ವಾಲ್‌ಹೈಮ್ ಆಟ ಆಡಲು ಸರ್ವರ್ ಇಡಬೇಕಾದರೆ, ಮೊದಲು ರೂಟರ್ ಪುಟದಲ್ಲಿ WAN IP, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರೊಳಗೆ ಇದ್ದರೆ ನಿಮ್ಮದು ಹಲವು ಗ್ರಾಹಕರ ಜೊತೆ ಹಂಚಿಕೊಂಡ ಐಪಿ. ಆಗ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಮಾಡಿದರೂ ಗೆಳೆಯರು ಒಳಗೆ ಬರಲಾರರು.

ಸ್ವಂತ ಪಬ್ಲಿಕ್ ಐಪಿ ಇದ್ದರೆ ಮನೆ ಪಿಸಿಯೇ ಚೆನ್ನ. ಪಿಸಿಗೆ ಬದಲಾಗದ ಲೋಕಲ್ ಐಪಿ ಕೊಡಿ. ರೂಟರ್‌ನಲ್ಲಿ 2456, 2457 ಪೋರ್ಟ್‌ಗಳನ್ನು ಅದಕ್ಕೆ ತಿರುಗಿಸಿ. ಯುಡಿಪಿಯೇ ಆಗಬೇಕು, ಟಿಸಿಪಿ ಮಾತ್ರ ತೆರೆದರೆ ಪ್ರಯೋಜನವಿಲ್ಲ. ವಿಂಡೋಸ್ ಫೈರ್‌ವಾಲ್‌ನಲ್ಲೂ ಅನುಮತಿ ಕೊಡಿ. ಖರ್ಚು ಕರೆಂಟಿನದಷ್ಟೇ.

ಹಂಚಿಕೊಂಡ ಐಪಿ ಆದರೆ ಸರ್ವರ್ ಶುರು ಮಾಡುವ ಸಾಲಿಗೆ `-crossplay` ಸೇರಿಸಿ. ಪೋರ್ಟ್ ತೆರೆಯುವ ಗೋಜೇ ಇಲ್ಲ, ಎಕ್ಸ್‌ಬಾಕ್ಸ್ ಗೆಳೆಯರೂ ಬರಬಹುದು. ಆದರೆ ಆಟ ಮಧ್ಯದ ರಿಲೇ ಮೂಲಕ ಹೋಗುವುದರಿಂದ ವಿಳಂಬ ಜಾಸ್ತಿಯಾಗಬಹುದು.

ನಿಮ್ಮ ಪಿಸಿ ಆಫ್ ಇದ್ದಾಗಲೂ ಗೆಳೆಯರು ಆಡಬೇಕು ಅಂದರೆ ಮಾತ್ರ ತಿಂಗಳ ಬಾಡಿಗೆಯ ಸರ್ವರ್ ತಗೊಳ್ಳಿ.