ಐಸಿಯು ಬಾಗಿಲಲ್ಲಿ ಮೂರು ಕರಡು

ಅಪ್ಪ ಐಸಿಯುನಲ್ಲಿದ್ದ ನಾಲ್ಕು ದಿನಗಳ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೆ. ಒಂದೇ ಪ್ಯಾರಾವನ್ನು ಮೂರು ಥರ ಬರೆದು, ಮೂರನ್ನೂ ತಂಗಿಗೆ ಜೋರಾಗಿ ಓದಿ ಹೇಳಿದೆ. ಆ ನಾಲ್ಕೂ ದಿನ ಅವಳು ನನ್ನ ಜೊತೆಗೇ ಇದ್ದಳು.

ಮೊದಲನೆಯದರಲ್ಲಿ ಇಂಗ್ಲಿಷ್ ಪದವೇ ಬೇಡ ಅಂತ ಹಟ ಹಿಡಿದಿದ್ದೆ. ‘ತೀವ್ರ ನಿಗಾ ಘಟಕದ ಹೊರಗೆ ಕುಳಿತಿದ್ದೆವು. ಸ್ಥಿತಿ ಸ್ಥಿರವಾಗಿದೆ ಎಂದು ವೈದ್ಯರು ತಿಳಿಸಿದರು.’ ತಪ್ಪೇನಿಲ್ಲ, ಆದರೆ ಪೇಪರಿನ ಸುದ್ದಿ ಓದಿದ ಹಾಗಿತ್ತು. ಆ ಬೆಂಚಿನ ಮೇಲೆ ಕೂತಿದ್ದ ಯಾರ ಬಾಯಲ್ಲೂ ‘ತೀವ್ರ ನಿಗಾ ಘಟಕ’ ಬಂದಿರಲಿಲ್ಲ.

ಎರಡನೆಯದನ್ನು ಫೋನಿನಲ್ಲಿ ಗೆಳೆಯರ ಜೊತೆ ಮಾತಾಡುವ ಹಾಗೆಯೇ ಬರೆದೆ. ‘ಆಕ್ಚುಲಿ ನಂಗೆ ತುಂಬಾ ಎಮೋಷನಲ್ ಆಯ್ತು. ಬಟ್ ಸ್ಟ್ರಾಂಗ್ ಆಗಿರಬೇಕು ಅಂತ ರಿಯಲೈಸ್ ಆಯ್ತು.’ ಮಾತಿನಲ್ಲಿ ಇದು ನಡೆಯುತ್ತದೆ, ದನಿ ಮತ್ತು ಮುಖ ಉಳಿದದ್ದನ್ನು ಹೇಳುತ್ತವೆ. ಕಾಗದದ ಮೇಲೆ ಅವೆರಡೂ ಇಲ್ಲ. ‘ಎಮೋಷನಲ್ ಆಯ್ತು’ ಅಂದರೆ ಅತ್ತೆನಾ, ಹೆದರಿದೆನಾ, ಸಿಟ್ಟು ಬಂತಾ? ತಂಗಿ ಕೇಳಿದ್ದೂ ಇದನ್ನೇ. ನಿಜವಾಗಿ ಆಗಿದ್ದು ಇಷ್ಟು: ಗಂಟಲು ಕಟ್ಟಿ, ನರ್ಸ್ ಕೇಳಿದಾಗ ಅಪ್ಪನ ಹೆಸರು ಹೇಳಲಾಗಲಿಲ್ಲ. ಹೀಗೆ ಬರೆದ ಮೇಲೆ ‘ರಿಯಲೈಸ್’ ವಾಕ್ಯವೇ ಬೇಕಾಗಲಿಲ್ಲ. ‘ಆಕ್ಚುಲಿ’, ‘ಬಟ್’ ತೆಗೆದಾಗಲೂ ಏನೂ ಕಳೆದುಹೋಗಲಿಲ್ಲ.

ಮೂರನೆಯದರಲ್ಲಿ ಐಸಿಯು, ಡಾಕ್ಟರು, ವಾರ್ಡು ವಾಪಸ್ ಬಂದವು. ‘ವಾರ್ಡಿಗೆ’, ‘ಡಾಕ್ಟರ’ ಎಂದು ಕನ್ನಡದ ಪ್ರತ್ಯಯ ಹತ್ತಿಸಿಕೊಂಡು ಓಡುವ ಪದಗಳು ಕಣ್ಣಿಗೆ ತಡೆಯೊಡ್ಡುವುದಿಲ್ಲ. ‘ಆಸ್ಪತ್ರೆ’ ಕೂಡ ಹಾಗೆ ಹೊರಗಿನಿಂದ ಬಂದು ನಮ್ಮದಾದದ್ದೇ ಅಲ್ವಾ? ಆದರೆ ಇಲ್ಲಿ ನನಗೆ ಮುಖ್ಯವಾದದ್ದು ‘ಸ್ಟೇಬಲ್’.

‘ಸ್ಟೇಬಲ್ ಇದ್ದಾರೆ’ ಅಂದು ಡಾಕ್ಟರು ಒಳಗೆ ಹೋದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನನ್ನ ಮುಖ ನೋಡಿದಳು. ‘ಅಂದ್ರೆ ಒಳ್ಳೇದಾ ಮಗಾ?’

ಮೊದಲ ಕರಡಿನ ‘ಸ್ಥಿರ’ ಈ ಪ್ರಶ್ನೆಯನ್ನೇ ಅಳಿಸಿಹಾಕಿತ್ತು. ಅಮ್ಮನಿಗೆ ಆ ಪದ ಅರ್ಥವಾಗಲಿಲ್ಲ ಅನ್ನುವುದೇ ಅಲ್ಲಿನ ಸಂಕಟ. ಅದನ್ನು ಕನ್ನಡ ಮಾಡಿದರೆ ಸಂಕಟವೂ ಹೋಗುತ್ತದೆ.

ಹಾಗಂತ ವಸ್ತುವಿನ ಹೆಸರು ಇಂಗ್ಲಿಷಿನಲ್ಲಿ ಇರಲಿ, ಭಾವನೆಗೆ ಮಾತ್ರ ಕನ್ನಡ ಎಂದು ಗೆರೆ ಎಳೆಯಲೂ ಆಗಲಿಲ್ಲ. ‘ಟೆನ್ಷನ್’ ನನ್ನನ್ನು ತುಂಬಾ ಹೊತ್ತು ಸತಾಯಿಸಿತು. ‘ಆತಂಕ’ ಹಾಕಿದೆ, ‘ಕಳವಳ’ ಹಾಕಿದೆ, ಎರಡೂ ಅಮ್ಮನ ಬಾಯಿಗೆ ಹೊಂದಲಿಲ್ಲ. ಅವಳು ದಿನಾ ಹೇಳುವುದು ‘ಟೆನ್ಷನ್ ಮಾಡ್ಕೋಬೇಡ’ ಅಂತಲೇ. ಅವಳ ಮಾತಿನಲ್ಲಿ ಅದನ್ನು ಹಾಗೇ ಉಳಿಸಿದೆ. ನನ್ನ ನಿರೂಪಣೆಯಲ್ಲಿ ‘ಟೆನ್ಷನ್ ಆಗಿತ್ತು’ ಎಂದಿದ್ದ ಕಡೆ, ಆ ರಾತ್ರಿ ಬಾಗಿಲು ಕಿರ್ ಅಂದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದೆವು ಎಂದು ಬರೆದೆ.

ಅಷ್ಟು ಓದುವಾಗ ತಂಗಿ ನನ್ನ ಕೈ ಹಿಡಿದುಕೊಂಡಳು.