ಫೋಟೋ ಹಿಂದಿನ ಬೂದು ಚೌಕ ನೋಡಿ ದುಡ್ಡು ಕೊಡಬೇಡಿ

ಕ್ಯಾಟಲಾಗ್‌ಗೆ ಫೋಟೋ ಕೊಟ್ಟು ಬ್ಯಾಕ್‌ಗ್ರೌಂಡ್ ತೆಗೆಸೋ ಅಂಗಡಿಯವರು ದಯವಿಟ್ಟು ಓದಿ. ನನ್ನ ದುಡ್ಡಂತೂ ಹೋಯಿತು.

ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೋಲ್‌ಸೇಲ್ ಅಂಗಡಿ. ಹೊಸ ಮಾಲಿನ ಫೋಟೋಗಳನ್ನು ಬಿಳಿ ಬಟ್ಟೆ ಹಾಸಿ, ಒಳ್ಳೆ ಕ್ಯಾಮೆರಾದಲ್ಲೇ ತೆಗೆಸಿದ್ದೆ. ಪರಿಚಯದವರು ಹೇಳಿದ ಒಬ್ಬ ಡಿಸೈನರ್‌ಗೆ ಹೀಗೆ ಬರೆದು ಕಳಿಸಿದೆ:

"ನಮಸ್ಕಾರ. 60 ಫೋಟೋ ಡ್ರೈವ್‌ಗೆ ಹಾಕಿದ್ದೇನೆ. ಹಿಂದಿನ ಬಿಳಿ ಬಟ್ಟೆ ಪೂರ್ತಿ ಹೋಗಬೇಕು. ಎರಡು ಕಾಲಿನ ನಡುವೆ, ಬೆಲ್ಟ್ ಲೂಪ್ ಒಳಗೆ ಕೂಡ ಉಳಿಯಬಾರದು. ಡ್ಯಾಮೇಜ್ ಪ್ಯಾಂಟ್‌ಗಳ ಮೊಣಕಾಲಿನ ಬಿಳಿ ನೂಲು ಮಾತ್ರ ಹಾಗೇ ಇರಬೇಕು. ಪುಟ ಮರೂನ್ ಬಣ್ಣದ್ದು, ಅದಕ್ಕೆ ಹಿಂದೆ ಖಾಲಿ ಇರುವ ಪಿಎನ್‌ಜಿ ಬೇಕು. ಪ್ರಿಂಟ್‌ಗೆ ಹೋಗುತ್ತದೆ, ಸೈಜ್ ಕಮ್ಮಿ ಮಾಡಬೇಡಿ."

ಇದಕ್ಕಿಂತ ಬಿಡಿಸಿ ಹೇಳೋಕೆ ಆಗುತ್ತಾ? "ಓಕೆ ಅಣ್ಣಾ, ಒಂದಕ್ಕೆ 30 ರೂಪಾಯಿ, ಎಲ್ಲಾ ಕೈಯಲ್ಲೇ ಕಟ್ ಮಾಡ್ತೀನಿ" ಅಂದ. ಅರ್ಧ ಮುಂಗಡ ಹಾಕಿದೆ. ಆಮೇಲೆ ಫೈಲ್‌ಗಳು ಬಂದವು. ಫೋನಿನಲ್ಲಿ ತೆರೆದರೆ ಪ್ಯಾಂಟಿನ ಹಿಂದೆ ಬೂದು ಬಿಳಿ ಸಣ್ಣ ಚೌಕಗಳು. ಫೋಟೋಶಾಪ್‌ನಲ್ಲಿ ಹಿಂದೆ ಖಾಲಿ ಇದ್ದರೆ ಹಾಗೇ ತಾನೇ ತೋರಿಸೋದು? ಫೈಲ್ ಹೆಸರಿನ ಕೊನೆಗೆ .png ಅಂತಲೂ ಇತ್ತು. ಉಳಿದ ದುಡ್ಡೂ ಹಾಕಿದೆ.

ಪ್ರೆಸ್‌ಗೆ ಹೋದೆ. ಅಲ್ಲಿನ ಹುಡುಗ ಮೊದಲ ಪ್ಯಾಂಟನ್ನು ಮರೂನ್ ಪುಟದ ಮೇಲೆ ಇಟ್ಟ. ಚೌಕಗಳು ಹೋಗಲಿಲ್ಲ! ಪ್ಯಾಂಟಿನ ಸುತ್ತ ಟೈಲ್ಸ್ ಹಾಕಿದ ಬಚ್ಚಲ ಹಾಗೆ ಕಾಣುತ್ತಿತ್ತು. ಇನ್ನೊಂದು ಇಟ್ಟ, ಅದೂ ಅಷ್ಟೇ. ಮತ್ತೊಂದು, ಅದೂ ಅಷ್ಟೇ. ಮದುವೆ ಕಾರ್ಡ್ ಮಾಡಿಸೋಕೆ ಬಂದವರೆಲ್ಲ ಹಿಂದೆ ನಿಂತು ನೋಡುತ್ತಿದ್ದಾರೆ. ಹುಡುಗ ಜೂಮ್ ಮಾಡಿದ. ಪ್ಯಾಂಟಿನ ಜೊತೆ ಚೌಕವೂ ದೊಡ್ಡದಾಯಿತು. "ಅಣ್ಣಾ, ಇದು ಖಾಲಿ ಅಲ್ಲ, ಚೌಕಾನೂ ಚಿತ್ರದಲ್ಲೇ ಸೇರಿದೆ. ಖಾಲಿ ಇದ್ರೆ ಎಷ್ಟು ಜೂಮ್ ಮಾಡಿದ್ರೂ ಇಲ್ಲಿ ಚೌಕ ಅಷ್ಟೇ ಇರುತ್ತೆ" ಅಂದ. ಒಂದು ಫೋಟೋದ ಮೂಲೆಯಲ್ಲಿ ಅರ್ಧ ಕತ್ತರಿಸಿದ ಡೌನ್‌ಲೋಡ್ ಬಟನ್ನೂ ಇತ್ತು. ಅಂದರೆ ಯಾವುದೋ ವೆಬ್‌ಸೈಟ್‌ಗೆ ನನ್ನ ಫೋಟೋ ಹಾಕಿ, ಪೂರ್ತಿ ಸೈಜಿಗೆ ದುಡ್ಡು ಕೇಳಿದಾಗ ಸ್ಕ್ರೀನ್‌ಶಾಟ್ ಹೊಡೆದಿದ್ದಾನೆ. ಕೈಯಲ್ಲೇ ಕಟ್ ಮಾಡ್ತಾನಂತೆ!

ಸೈಜ್ ನೋಡಿದೆವು. ನಾನು ಕೊಟ್ಟ ಫೋಟೋದ ಎತ್ತರ 6000 ಪಿಕ್ಸೆಲ್. ವಾಪಸ್ ಬಂದದ್ದು 900. ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಾಕುತ್ತಾರೆ, ಅಂದರೆ ಮೂರೇ ಇಂಚು. ನನ್ನ ಪುಟದಲ್ಲಿ ಪ್ಯಾಂಟ್ ಏಳು ಇಂಚು ನಿಲ್ಲಬೇಕಿತ್ತು.

ಡ್ಯಾಮೇಜ್ ಪ್ಯಾಂಟ್‌ಗಳ ಕಥೆ ಇನ್ನೂ ಕೆಟ್ಟದ್ದು. ಬಿಳಿ ಬಟ್ಟೆ ಮೇಲೆ ಬಿಳಿ ನೂಲು, ಮೆಷಿನ್‌ಗೆ ಎರಡೂ ಒಂದೇ. ಮೊಣಕಾಲಿನ ನೂಲೆಲ್ಲ ಬೋಳಿಸಿಬಿಟ್ಟಿತ್ತು. ಐಸ್ ವಾಶ್ ಪ್ಯಾಂಟ್‌ನಲ್ಲಿ ತೊಡೆಯ ತಿಳಿ ಭಾಗವನ್ನೇ ತಿಂದು ಹಾಕಿತ್ತು. ನಮ್ಮ ಪಾರ್ಟಿಗಳು ವಾಶ್ ನೋಡಿಯೇ ಆರ್ಡರ್ ಕೊಡೋದು, ಅದೇ ಇಲ್ಲ ಅಂದರೆ ಏನು ತೋರಿಸಲಿ?

ಫೋನ್ ಮಾಡಿದೆ. "ಅಣ್ಣಾ, ನೀವು ಪಿಎನ್‌ಜಿ ಕೇಳಿದ್ರಿ, ಪಿಎನ್‌ಜಿನೇ ಕೊಟ್ಟಿದ್ದೀನಲ್ಲ." ಚೌಕ ಯಾಕೆ ಬಂತಪ್ಪಾ ಅಂದರೆ, "ನಿಮ್ಮ ಪ್ರೆಸ್‌ನವರ ಸಾಫ್ಟ್‌ವೇರ್ ಹಳೇದಿರಬೇಕು." ಡೌನ್‌ಲೋಡ್ ಬಟನ್ ಇರೋ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ರಾತ್ರಿ ಒಂದು ಮೆಸೇಜ್: "ಕರೆಕ್ಷನ್‌ಗೆ ಪೀಸಿಗೆ 15 ಎಕ್ಸ್‌ಟ್ರಾ ಆಗುತ್ತೆ." ಕರೆಕ್ಷನ್ ಅಂತೆ! ಮಾಡೇ ಇಲ್ಲದ ಕೆಲಸಕ್ಕೆ ಏನು ಕರೆಕ್ಷನ್? ದುಡ್ಡು ವಾಪಸ್ ಕೊಡು ಅಂದೆ. "ನೋಡಿ ಓಕೆ ಅಂದ ಮೇಲೆ ರಿಟರ್ನ್ ಇಲ್ಲ ಅಣ್ಣಾ" ಅಂದು ಬ್ಲಾಕ್ ಮಾಡಿದ.

ನೀವು ಕೊಡೋದಾದರೆ ಮೊದಲು ಒಂದೇ ಫೋಟೋ ಕೊಡಿ, ಅದರಲ್ಲೂ ತೀರಾ ಕಷ್ಟದ್ದು. ಬಿಳಿ ನೂಲು ನೇತಾಡೋ ಪ್ಯಾಂಟೇ ಕೊಡಿ. ಬಂದದ್ದನ್ನು ಕಡುಗೆಂಪು ಇಲ್ಲಾ ಕಪ್ಪು ಬಣ್ಣದ ಮೇಲೆ ಇಟ್ಟು ನೋಡಿ. ಚೌಕ ಉಳಿದರೆ ಮೋಸ. ಅಂಚಲ್ಲಿ ಬಿಳಿ ಗೆರೆ ಉಳಿದರೆ ಅವಸರದ ಕೆಲಸ. ಪಿಕ್ಸೆಲ್ ಎಷ್ಟಿದೆ ಅಂತ ಫೈಲ್ ವಿವರದಲ್ಲೇ ಸಿಗುತ್ತೆ, ಅದನ್ನೂ ನೋಡಿ. ಫೈಲನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ತರಿಸಬೇಡಿ, ಡಾಕ್ಯುಮೆಂಟ್ ಆಗಿ ಇಲ್ಲಾ ಡ್ರೈವ್‌ನಲ್ಲಿ ತರಿಸಿ. ಕೈಯಲ್ಲೇ ಕಟ್ ಮಾಡಿದ್ದೀನಿ ಅನ್ನೋರ ಹತ್ತಿರ ಲೇಯರ್ ಇರುವ ಫೋಟೋಶಾಪ್ ಫೈಲ್, ಅಂದರೆ ಪಿಎಸ್‌ಡಿ ಇರುತ್ತೆ. ಕೇಳಿ. ನಾನು ಕೇಳಿದಾಗ ಈ ಮಹಾಶಯ "ಅದು ನಮ್ಮ ಕಂಪನಿ ಸೀಕ್ರೆಟ್" ಅಂದಿದ್ದ.

ಈಗ ಪ್ರೆಸ್‌ನ ಹುಡುಗನೇ ಪೆನ್ ಟೂಲ್ ಹಿಡಿದು ಒಂದೊಂದೇ ಪ್ಯಾಂಟಿನ ಅಂಚು ಕತ್ತರಿಸುತ್ತಿದ್ದಾನೆ, ನೂಲಿನ ಜಾಗಕ್ಕೆ ಬೇರೆ ಮಾಸ್ಕ್ ಹಾಕುತ್ತಿದ್ದಾನೆ. ಪೀಸಿಗೆ 70 ರೂಪಾಯಿ. ಹುಬ್ಬಳ್ಳಿ ಪಾರ್ಟಿ ದಿನಾ ಫೋನ್ ಮಾಡಿ ಕ್ಯಾಟಲಾಗ್ ಎಲ್ಲಿ ಅಂತ ಕೇಳುತ್ತಿದೆ.