ಗೇರುಬೀಜ ಕಾರ್ಖಾನೆಯ ಅವಘಡ ವರದಿ: ಒಂದೇ ಸಾಲೋ, ಮೂರು ಹಾಳೆಯೋ?

ಮಂಗಳೂರು, ಉಡುಪಿ ಕಡೆಯ ಗೇರುಬೀಜ ಕಾರ್ಖಾನೆಗೆ ತಿಂಗಳ ಸುರಕ್ಷತಾ ಸಾರಾಂಶ ಬರೆಯುವ ಎರಡು ವಿಧಾನಗಳನ್ನು ಒಂದೇ ವರದಿಗಳ ಮೇಲೆ ಹಾಕಿ ನೋಡಿದ್ದೇವೆ. ಮೊದಲನೆಯದು, ಎಕ್ಸೆಲ್‌ನಲ್ಲಿ ವರದಿಗೊಂದು ಸಾಲು. ಎರಡನೆಯದು, ಅಪಾಯ, ಗಾಯ, ಸರಿಪಡಿಸುವ ಕ್ರಮ ಇವಕ್ಕೆ ಬೇರೆ ಬೇರೆ ಹಾಳೆ, ಮೂರರಲ್ಲೂ ಅದೇ ಅವಘಡ ಸಂಖ್ಯೆ.

ಒಂದು ಮಾದರಿ ವರದಿ ನೋಡಿ, ಸಂಖ್ಯೆ 07-04. ಬೇಯಿಸಿದ ಬೀಜದ ಬುಟ್ಟಿ ಹೊತ್ತ ಕಾರ್ಮಿಕ ಮಹಿಳೆ ಕುಕ್ಕರಿನ ಬಳಿ ಜಾರಿ ಬಿದ್ದರು. ಕಾಲಿನ ಗಂಟು ಉಳುಕಿತು, ಬಿಸಿ ಬೀಜ ಚೆಲ್ಲಿ ಮುಂಗೈ ಸುಟ್ಟಿತು. ಇಲ್ಲಿ ಗಾಯ ಎರಡು. ಅಪಾಯವೂ ಎರಡು: ಸ್ಟೀಮ್ ವಾಲ್ವಿನಿಂದ ತೊಟ್ಟಿಕ್ಕುವ ನೀರು, ನೆಲಕ್ಕೆ ಅಂಟಿದ ಸಿಪ್ಪೆ ಎಣ್ಣೆ. ಕ್ರಮ ಮೂರು: ವಾಲ್ವಿನ ಪ್ಯಾಕಿಂಗ್ ಬದಲಿಸುವುದು, ಪ್ರತಿ ಪಾಳಿಯಲ್ಲೂ ನೆಲ ತೊಳೆಯುವುದು, ಮೊಣಕೈವರೆಗಿನ ಕೈಗವಸು ಕೊಡುವುದು.

ಒಂದೇ ಸಾಲಿನಲ್ಲಿ ಇದೆಲ್ಲ ಬೇಗ ತುಂಬುತ್ತದೆ, ಓದಲೂ ಸುಲಭ. ತೊಂದರೆ ಇರುವುದು ಸ್ಥಿತಿಯ ಕಾಲಂನಲ್ಲಿ. ನೆಲ ತೊಳೆದ ದಿನವೇ ಯಾರೋ 'ಮುಗಿದಿದೆ' ಎಂದು ಬರೆದರೆ, ಇನ್ನೂ ಬದಲಾಗದ ಪ್ಯಾಕಿಂಗ್ ಆ ಪದದಡಿ ಮರೆಯಾಗುತ್ತದೆ. ವಾಲ್ವು ತೊಟ್ಟಿಕ್ಕುತ್ತಲೇ ಇರುತ್ತದೆ, ಮುಂದಿನ ತಿಂಗಳು ಅದೇ ಜಾಗದಲ್ಲಿ ಇನ್ನೊಬ್ಬರು ಜಾರುತ್ತಾರೆ.

ಮೂರು ಹಾಳೆಯಲ್ಲಿ ಪ್ರತಿ ಕ್ರಮಕ್ಕೂ ತನ್ನದೇ ಸಾಲು, ಹೊಣೆಗಾರ, ಗಡುವು, ಮುಗಿದ ದಿನಾಂಕ. `Krama` ಹಾಳೆಯ A ಕಾಲಂನಲ್ಲಿ ಅವಘಡ ಸಂಖ್ಯೆ, F ಕಾಲಂನಲ್ಲಿ ಮುಗಿದ ದಿನಾಂಕ ಇದ್ದರೆ, ಬಾಕಿ ಎಷ್ಟೆಂದು ಈ ಸೂತ್ರ ಹೇಳುತ್ತದೆ:

```
=COUNTIFS(Krama!A:A,"W07-04",Krama!F:F,"")
```

ಸಂಖ್ಯೆಯ ಮುಂದೆ W ಸೇರಿಸಿದ್ದು ಬೇಕೆಂದೇ. ಬರೀ 07-04 ಎಂದು ಬೆರಳಚ್ಚಿಸಿದರೆ ಎಕ್ಸೆಲ್ ಅದನ್ನು ದಿನಾಂಕವಾಗಿ ಬದಲಿಸಿಬಿಡುತ್ತದೆ.

ಈ ವಿಧಾನಕ್ಕೂ ಒಂದು ಅಪಾಯವಿದೆ. ಗಾಯದ ಹಾಳೆಯನ್ನು ಕ್ರಮದ ಹಾಳೆಯೊಂದಿಗೆ ಜೋಡಿಸಿದರೆ ಎರಡು ಗಾಯ, ಮೂರು ಕ್ರಮ ಸೇರಿ ಆರು ಸಾಲಾಗುತ್ತವೆ, ಒಂದು ಅವಘಡ ಆರಾಗಿ ಕಾಣುತ್ತದೆ. ಆದ್ದರಿಂದ ಅವಘಡಗಳನ್ನು ಬೇರೆ ಬೇರೆ ಸಂಖ್ಯೆಗಳಿಂದಲೇ ಎಣಿಸಬೇಕು, ಗಾಯಗೊಂಡವರನ್ನು ಹಾಜರಿ ಪುಸ್ತಕದಲ್ಲಿರುವ ಅವರ ಸಂಖ್ಯೆಯಿಂದ. 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸಕ್ಕೆ ಬರಲಾಗದ ಗಾಯವನ್ನು ಕಾರ್ಖಾನೆ ಇಲಾಖೆಗೆ ತಿಳಿಸಬೇಕಿರುವುದರಿಂದ, ಗಾಯದ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲೇಬೇಕು.

ಯಾವ ವಿಧಾನವಾದರೂ ಅಪಾಯದ ಕಾಲಂನಲ್ಲಿ 'ಕಾರ್ಮಿಕರ ಅಜಾಗರೂಕತೆ' ಎಂದು ಬರೆಯಲು ಬಿಡಬಾರದು. ನೀರು ಎಲ್ಲಿಂದ ಬಂತು, ಎಣ್ಣೆ ಯಾಕೆ ಉಳಿಯಿತು ಎಂದು ಬರೆದರೆ ಮಾತ್ರ ಅದಕ್ಕೆ ಹೊಂದುವ ಕ್ರಮ ಸಿಗುತ್ತದೆ. 'ಎಚ್ಚರಿಕೆ ಹೇಳಲಾಗಿದೆ' ಎಂಬುದರಿಂದ ವಾಲ್ವು ಸೋರುವುದು ನಿಲ್ಲುವುದಿಲ್ಲ.

ತಿಂಗಳಿಗೆ ಎರಡು ಮೂರೇ ವರದಿ ಬರುವ ಸಣ್ಣ ಘಟಕಕ್ಕೆ ಒಂದು ಸಾಲು ಸಾಕು, ಆದರೆ ಕ್ರಮಗಳನ್ನು ಬೇರೆ ಹಾಳೆಗೆ ತೆಗೆಯಲೇಬೇಕು. ಅದಕ್ಕಿಂತ ಹೆಚ್ಚಿದ್ದರೆ ನಮ್ಮ ಆಯ್ಕೆ ಮೂರು ಹಾಳೆಯೇ. ಮ್ಯಾನೇಜರ್‌ಗೆ ಕೊಡುವುದು ಅವುಗಳಿಂದ ತೆಗೆದ ಒಂದೇ ಪುಟ: ಮೇಲೆ ಗಡುವು ಮೀರಿದ ಕ್ರಮಗಳು, ಹಳೆಯದು ಮೊದಲು, ಅದರ ಕೆಳಗೆ ಮರುಕಳಿಸಿದ ಅಪಾಯಗಳು, ಕೊನೆಗೆ ಗಾಯಗಳ ಎಣಿಕೆ.